ಚಾಟ್‌ಬಾಟ್ ಉತ್ತರದಲ್ಲಿ ಒತ್ತಕ್ಷರ ಒಡೆಯುವುದೇಕೆ?

ಪ್ರಶ್ನೆ: ಚಾಟ್‌ಬಾಟ್ ‘ಹೊನ್ನಾವರ’ವನ್ನು ‘ಹೊನ್‌ನಾವರ’ ಎಂದು ತೋರಿಸುತ್ತದೆ, ಹುಡುಕಿದರೂ ಸಿಗುವುದಿಲ್ಲ. ಏಕೆ?

ಉತ್ತರ: ಹೆಚ್ಚಾಗಿ, ಮೊದಲ ‘ನ’ಕಾರದ ಹಲಂತದ ಬಳಿಕ ಕಣ್ಣಿಗೆ ಕಾಣದ U+200C ಎಂಬ ಸಂಕೇತ ಸೇರಿಕೊಂಡಿರುತ್ತದೆ. ಯೂನಿಕೋಡ್‌ನಲ್ಲಿ ‘ನ್ನ’ ಎಂಬುದು ನ, ಹಲಂತ, ನ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಒತ್ತಕ್ಷರವಾಗಿ ಜೋಡಿಸುವುದು ಫಾಂಟಿನ ಕೆಲಸ, ಅದನ್ನು ತಡೆಯುವುದು U+200C. ಪಠ್ಯವನ್ನು ಬೇರೊಂದು ಆ್ಯಪ್‌ಗೆ ಅಂಟಿಸಿದಾಗ ಸರಿಹೋದರೆ ದೋಷ ಮೊದಲಿನ ಆ್ಯಪ್‌ನದು ಅಥವಾ ಫಾಂಟಿನದು. ಅಲ್ಲಿಯೂ ಒಡೆದೇ ಇದ್ದರೆ ಪಠ್ಯದ್ದು.

ಹುಡುಕಾಟ ತಪ್ಪಲು ಇನ್ನೊಂದು ಕಾರಣವೂ ಉಂಟು: ‘ಹೊ’ದ ಸ್ವರಚಿಹ್ನೆಯನ್ನು U+0CCA ಎಂದು ಒಂದಾಗಿಯೂ, U+0CC6 U+0CC2 ಎಂದು ಎರಡಾಗಿಯೂ ಬರೆಯಬಹುದು, ನೋಟ ಮಾತ್ರ ಒಂದೇ. NFC ಎಂಬ ಏಕರೂಪೀಕರಣವು ಈ ಎರಡನ್ನು ಒಂದಾಗಿಸುತ್ತದೆಯಾದರೂ U+200C ಅನ್ನು ಮುಟ್ಟುವುದಿಲ್ಲ. ಅದನ್ನು ಬೇರೆಯಾಗಿಯೇ ಅಳಿಸಬೇಕು, ಆದರೆ ಎಲ್ಲೆಡೆ ಅಳಿಸಿದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆದೀತು.