ಎಸಿ ದೀಪ ಮಿನುಗುವುದರ ಅರ್ಥ

ಎಸಿ ತಂಪು ಮಾಡುವುದನ್ನು ನಿಲ್ಲಿಸಿ ಒಂದು ದೀಪ ಮಿನುಗುತ್ತಿದೆ. ಕೈಪಿಡಿಯ ಪಟ್ಟಿಯಲ್ಲಿ ‘ಸೆನ್ಸರ್ ದೋಷ’ ಎಂದಿದೆ. ಸೆನ್ಸರ್ ಹಾಳಾಗಿದೆ ಎಂದೇ ಅರ್ಥವೇ?

ಹಾಗೇನಿಲ್ಲ. ದೀಪ ಮಿನುಗುವ ರೀತಿಯೇ ಒಂದು ಕೋಡ್. ಅದು ಹೇಳುವುದು ಯಾವ ಅಳತೆ ತಪ್ಪಿದೆ ಎಂಬುದನ್ನು. ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ.

ತಾಪಮಾನದ ಸೆನ್ಸರ್ ಎಂದರೆ ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟ್ಟ ಬಿಡಿಭಾಗ. ಆ ರೋಧ ಅಸಾಧ್ಯವೆನಿಸುವಷ್ಟು ಹೆಚ್ಚಾಗಿ ಅಥವಾ ಕಡಿಮೆಯಾಗಿ ಕಂಡರೆ ನಿಯಂತ್ರಣ ಬೋರ್ಡ್ ಯಂತ್ರವನ್ನು ನಿಲ್ಲಿಸಿ ದೀಪ ಮಿನುಗಿಸುತ್ತದೆ. ಸೆನ್ಸರ್ ಸರಿಯಿದ್ದು ಅದರ ತಂತಿಯ ಕನೆಕ್ಟರ್ ಸಡಿಲವಾಗಿದ್ದರೂ ಬೋರ್ಡಿಗೆ ಕಾಣುವುದು ಅದೇ. ಆದ್ದರಿಂದ ಅಳೆದು ನೋಡದೆ ಬಿಡಿಭಾಗ ಬದಲಿಸಲು ಒಪ್ಪಬೇಡಿ.

ಸ್ವಿಚ್ ಆರಿಸುವ ಮೊದಲು ಮಿನುಗುವ ದೀಪದ ವಿಡಿಯೊ ಮಾಡಿಕೊಳ್ಳಿ, ಏಕೆಂದರೆ ಕೆಲವು ಎಸಿಗಳಲ್ಲಿ ವಿದ್ಯುತ್ ಹೋದರೆ ಕೋಡ್ ಅಳಿಸಿಹೋಗುತ್ತದೆ. ಒಂದು ದೀರ್ಘ ವಿರಾಮದಿಂದ ಮುಂದಿನ ವಿರಾಮದವರೆಗೆ ಎಷ್ಟು ಸಲ ಮಿನುಗಿತು, ಯಾವ ದೀಪ ಎಂದು ಎಣಿಸಿ. ಒಳಘಟಕದ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಕೈಪಿಡಿಯಲ್ಲೂ ಇದೆಯೇ ನೋಡಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. E1 ಎಂಬ ಕೋಡ್ ಒಂದು ಮಾದರಿಯಲ್ಲಿ ಒಂದು ದೋಷ, ಇನ್ನೊಂದರಲ್ಲಿ ಬೇರೆಯದೇ.

ನಂತರ ಬ್ರೇಕರ್ ಆರಿಸಿ, ಫಿಲ್ಟರ್ ತೊಳೆದು ಒಣಗಿಸಿ, ಕೆಲವು ನಿಮಿಷ ಬಿಟ್ಟು ಒಮ್ಮೆ ಮಾತ್ರ ಚಾಲೂ ಮಾಡಿ. ಅದೇ ಕೋಡ್ ಮರಳಿದರೆ ಆರಿಸಿಬಿಟ್ಟು ತಂತ್ರಜ್ಞರಿಗೆ ವಿಡಿಯೊ ಕಳುಹಿಸಿ. ಪಟ್ಟಿಯಲ್ಲಿ ಭಾಗದ ಹೆಸರಿದೆ ಎಂದು ಹೊರಘಟಕದ ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ: ಬ್ರೇಕರ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.