ಅರವತ್ತರ ಮೇಲೆ ಜಡೆ ತೆಳುವಾದರೆ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು?

"ನನಗೆ 64, ಊರು ಚಿಕ್ಕಮಗಳೂರು. ಜಡೆ ಇಲಿ ಬಾಲದ ಹಾಗಾಗಿದೆ, ಬೈತಲೆ ಅಗಲವಾಗಿದೆ, ಕೂದಲು ಬೆಳೆಯುವುದೇ ಇಲ್ಲ ಅನ್ನಿಸುತ್ತೆ. ಎಣ್ಣೆ, ಮಾತ್ರೆ ಏನಾದರೂ ತಗೊಂಡ್ರೆ ಮೊದಲಿನ ಹಾಗೆ ಬರುತ್ತಾ?"

ಮೊದಲಿನ ಜಡೆ ಬರುವುದಿಲ್ಲ. ಆದರೆ ಇರುವುದನ್ನು ಉಳಿಸಿಕೊಳ್ಳಬಹುದು, ತುಂಡಾಗುವುದನ್ನು ಚೆನ್ನಾಗಿಯೇ ತಡೆಯಬಹುದು. ಕೆಲವರಿಗೆ ಬೈತಲೆಯೂ ಸ್ವಲ್ಪ ಕಿರಿದಾಗುತ್ತದೆ. ನಾನು ಹಾಸನದಲ್ಲಿ ಚರ್ಮದ ಡಾಕ್ಟರ ಹತ್ತಿರ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ನಿಮಗಿಂತ ಸ್ವಲ್ಪ ದೊಡ್ಡವಳು, ನನ್ನ ಜಡೆಯೂ ಹಾಗೇ ಇದೆ.

ಕೂದಲೆಲ್ಲ ಉದುರಿಹೋಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಈ ವಯಸ್ಸಿನಲ್ಲಿ ಎಳೆಗಳ ಲೆಕ್ಕಕ್ಕಿಂತ ಎಳೆಯ ದಪ್ಪ ಇಳಿದಿರುವುದೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಪ್ರತಿ ಎಳೆಯ ಅಗಲ ನೂರರಿಂದ ಎಂಬತ್ತಕ್ಕೆ ಇಳಿಯಿತು ಅನ್ನಿ. ಎಳೆ ದುಂಡಗಿರುವುದರಿಂದ ಅದರ ತುಂಬು ಎಂಬತ್ತಕ್ಕೆ ನಿಲ್ಲುವುದಿಲ್ಲ, 64ಕ್ಕೆ ಇಳಿಯುತ್ತದೆ. ಅದರ ಮೇಲೆ ನೂರರಲ್ಲಿ ಹತ್ತು ಎಳೆ ಹೋದರೆ ಉಳಿಯುವುದು 58. ಅಂದರೆ ತಲೆಯ ಮೇಲೆ ನೂರಕ್ಕೆ ತೊಂಬತ್ತು ಕೂದಲು ಇದ್ದರೂ ಕೈಗೆ ಸಿಗುವುದು ಹಳೆಯ ಜಡೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ತುದಿ ಸಪೂರವಾಗುವುದಕ್ಕೆ ಕಾರಣ ಬೇರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಎಳೆ ಕೆಲವು ವರ್ಷ ಬೆಳೆದು, ಆಮೇಲೆ ಎರಡು-ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ, ಅದೇ ಬೇರಿನಿಂದ ಇನ್ನೊಂದು ಹುಟ್ಟುತ್ತದೆ. ವಯಸ್ಸಾದ ಮೇಲೆ ವೇಗವೂ ತಗ್ಗುತ್ತದೆ, ಬೆಳೆಯುವ ವರ್ಷಗಳೂ ಕಡಿಮೆಯಾಗುತ್ತವೆ. ಮೊದಲು ನಾಲ್ಕು ವರ್ಷ ಬೆಳೆದು 48 ಸೆಂಟಿಮೀಟರ್ ಮುಟ್ಟುತ್ತಿದ್ದ ಎಳೆ, ಈಗ ಎರಡೂವರೆ ವರ್ಷ, ತಿಂಗಳಿಗೆ 0.8ರ ಹಾಗೆ ಬೆಳೆದರೆ 24ಕ್ಕೇ ನಿಂತು ಉದುರುತ್ತದೆ. ಹಾಗಾಗಿ ಸೊಂಟದ ಹತ್ತಿರ ತಲುಪುವ ಎಳೆಗಳು ಕೆಲವೇ ಕೆಲವು. ಆ ತುದಿಯನ್ನು ಉಳಿಸಿಕೊಳ್ಳುವುದಕ್ಕೆ ಎಷ್ಟು ಕಷ್ಟಪಟ್ಟರೂ ಅದು ತುಂಬುವುದಿಲ್ಲ. ಎಲ್ಲಿಂದ ಜಡೆ ಥಟ್ಟನೆ ಸಪೂರವಾಗುತ್ತದೋ ಅಲ್ಲಿಗೆ ಕತ್ತರಿಸಿಬಿಡಿ. ಮುತ್ತೈದೆ ಕೂದಲು ಕತ್ತರಿಸಬಾರದು ಅನ್ನುವವರು ನಮ್ಮ ಮನೆಯಲ್ಲೂ ಇದ್ದರು, ನಾನು ಕೇಳಲಿಲ್ಲ.

ಇನ್ನು ತಡೆಯಬಹುದಾದ ಭಾಗ. ಸಕಲೇಶಪುರದಲ್ಲಿರುವ ನಮ್ಮ ಅತ್ತಿಗೆ ನಿಮ್ಮ ಹಾಗೇ ದೂರು ಹೇಳಿಕೊಂಡು ಬಂದಿದ್ದರು. ಒಂದು ದಿನ ಬಾಚಿದಾಗ ಬಂದ ಕೂದಲನ್ನೆಲ್ಲ ಕರಿ ಬಟ್ಟೆಯ ಮೇಲೆ ಹರಡಿಸಿದೆ. ಅವರದು ಬಹುತೇಕ ನರೆತ ಕೂದಲು, ಬಿಳಿ ಬಟ್ಟೆಯ ಮೇಲೆ ಕಾಣುವುದಿಲ್ಲ. ಬೇರಿನಿಂದ ಉದುರಿದ ಎಳೆ ಉದ್ದವಿರುತ್ತದೆ, ಒಂದು ತುದಿಯಲ್ಲಿ ಸಾಸಿವೆಗಿಂತ ತೀರಾ ಚಿಕ್ಕದಾದ ಬಿಳಿ ಗಂಟು ಇರುತ್ತದೆ. ತುಂಡಾದದ್ದಕ್ಕೆ ಗಂಟು ಇರುವುದಿಲ್ಲ, ಉದ್ದವೂ ಒಂದೊಂದು ಥರ. ಅವರದರಲ್ಲಿ ಗಂಟಿಲ್ಲದ ಚೂರುಗಳೇ ಜಾಸ್ತಿ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಮಳೆಗಾಲದಲ್ಲಿ ಆ ಕಡೆ ಕೂದಲು ಒಣಗುವುದೇ ಇಲ್ಲ. ಅವರು ಹಂಡೆಯ ಬಿಸಿನೀರು ಹುಯ್ದುಕೊಂಡು, ಸೀಗೆಪುಡಿ ಹಾಕಿ ಗಸಗಸ ತಿಕ್ಕಿ, ಟವೆಲಿನಲ್ಲಿ ಬಿಗಿಯಾಗಿ ಸುತ್ತಿ, ಒದ್ದೆಯಲ್ಲೇ ಬಾಚಿ ತುರುಬು ಕಟ್ಟುತ್ತಿದ್ದರು. ಹಬ್ಬ-ಮದುವೆಗೆ ಅದರ ಮೇಲೆ ಭಾರದ ಚೌರಿ. ಒದ್ದೆ ಕೂದಲು ಎಳೆದರೆ ಹಿಗ್ಗುತ್ತದೆ, ಜಾಸ್ತಿ ಹಿಗ್ಗಿದರೆ ತುಂಡಾಗುತ್ತದೆ. ಸಣ್ಣ ಎಳೆಗೆ ಅಷ್ಟು ತಡೆಯುವ ಶಕ್ತಿಯೂ ಇಲ್ಲ.

ಬದಲಿಸಿದ್ದು ಇಷ್ಟೇ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಒಂದು ಚಮಚ ಕೊಬ್ಬರಿ ಎಣ್ಣೆ, ಬುಡಕ್ಕಲ್ಲ, ಎಳೆಯ ಉದ್ದಕ್ಕೆ. ಅದು ಕೂದಲನ್ನು ಬೆಳೆಸುವುದಿಲ್ಲ. ತೊಳೆಯುವಾಗ ಎಳೆ ಸವೆಯುವುದನ್ನು ಕಡಿಮೆ ಮಾಡುತ್ತದೆ. ಉಗುರು ಬೆಚ್ಚಗಿನ ನೀರು, ಮೆದು ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆದು, ಮುಕ್ಕಾಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು. ಚೌರಿ ಬಂದ್. ಎರಡು-ಮೂರು ತಿಂಗಳಲ್ಲಿ ಚೂರುಗಳು ಕಾಣುವುದು ತೀರಾ ಕಡಿಮೆಯಾಯಿತು.

ಡಾಕ್ಟರು ರಕ್ತವನ್ನೂ ನೋಡಿದರು. ಹಿಮೋಗ್ಲೋಬಿನ್, ಫೆರಿಟಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್. ಅತ್ತಿಗೆಗೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ, ಕಡಿಮೆ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು ಸುಮ್ಮನಾಗಲಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷ ಆದವರಿಗೆ ಕಬ್ಬಿಣ ಕಡಿಮೆ ಎಂದರೆ ಹೊಟ್ಟೆ-ಕರುಳಿನಲ್ಲಿ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ನೋಡಲೇಬೇಕು. ಅವರದು ಮೂಲವ್ಯಾಧಿಯ ರಕ್ತ, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕೂದಲಿಗಾಗಿ ಹೋಗಿ ಅದು ಸಿಕ್ಕಿತು. ಅದೆಲ್ಲ ಸರಿಯಾದ ಮೇಲೆ ಬೇರಿನಿಂದ ಉದುರುವುದೂ ತಗ್ಗಿತು. ಬೈತಲೆ ಮಾತ್ರ ಹಾಗೇ ಉಳಿಯಿತು.

ಬೈತಲೆಗೆ ಒಂದಿಷ್ಟು ಕೆಲಸ ಮಾಡುವ ಔಷಧಿ ಮಿನಾಕ್ಸಿಡಿಲ್. ಅತ್ತಿಗೆಗೆ ದಿನಾ ಹಚ್ಚುವ ಕಾಟ ಬೇಡವಾಯಿತು, ಬಿಟ್ಟರು, ಅದೂ ಸರಿಯೇ. ನೀವು ಹಚ್ಚುವುದಾದರೆ ಚರ್ಮದ ಡಾಕ್ಟರನ್ನು ಕೇಳಿ, ಅದರಲ್ಲೂ ಹೃದಯ ಅಥವಾ ಬಿ.ಪಿ. ತೊಂದರೆ ಇದ್ದರೆ. ಒಣ ಬುಡದ ಚರ್ಮಕ್ಕೆ ಹಚ್ಚಬೇಕು, ಕೂದಲಿಗಲ್ಲ. ರಾತ್ರಿ ಹಚ್ಚುವುದಾದರೆ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಹಚ್ಚಿ ಕೈ ತೊಳೆಯಿರಿ. ದಿಂಬಿಗೆ, ಅಲ್ಲಿಂದ ಮುಖಕ್ಕೆ ತಾಗಿದರೆ ಕೆನ್ನೆಯಲ್ಲಿ ಕೂದಲು ಬರಬಹುದು. ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯೇ ಆಗಬಹುದು. ಹಳೆಯ ಎಳೆಗಳನ್ನು ಹೊಸವು ತಳ್ಳುವುದರಿಂದ ಹಾಗಾಗುತ್ತದೆ. ಹೆಚ್ಚಿನವರು ಬಾಟಲಿ ಮೂಲೆಗೆ ಎಸೆಯುವುದು ಆಗಲೇ. ಆರು ತಿಂಗಳಾಗದೆ ಉಪಯೋಗ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಬಿಟ್ಟರೆ ಸಿಕ್ಕ ಲಾಭ ಕೆಲವು ತಿಂಗಳಲ್ಲಿ ಹೋಗುತ್ತದೆ.

ಬಯೋಟಿನ್ ಮಾತ್ರೆ ಎಲ್ಲರೂ ಕೇಳುತ್ತಾರೆ. ಅದರ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಸರಿಯಾದ ಆಧಾರ ಇಲ್ಲ. ಮೇಲಾಗಿ ಜಾಸ್ತಿ ಡೋಸಿನಲ್ಲಿ ಅದು ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ತಪ್ಪಿಸಬಹುದು. ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ.

ಕೆಲವಕ್ಕೆ ಮಾತ್ರ ಕಾಯಬೇಡಿ. ಹಣೆಯ ಅಂಚು ಹಿಂದೆ ಸರಿಯುತ್ತಾ ಹುಬ್ಬೂ ಉದುರುತ್ತಿದ್ದರೆ, ಬುಡ ಉರಿ-ತುರಿಕೆ ಇದ್ದರೆ, ಬೋಳಾದ ಜಾಗ ನುಣ್ಣಗೆ ಹೊಳೆಯುತ್ತಿದ್ದರೆ ಅದು ವಯಸ್ಸಿನದಲ್ಲ. ಬೇರೇ ಸುಟ್ಟುಹೋಗುವ ಕಾಯಿಲೆ ಇರಬಹುದು. ಹೋದ ಬೇರು ಮತ್ತೆ ಬರುವುದಿಲ್ಲ, ಬೇಗ ತೋರಿಸಿದರೆ ಉಳಿದದ್ದು ಉಳಿಯುತ್ತದೆ. ಡೆಂಗ್ಯೂ ಅಥವಾ ಆಪರೇಷನ್ ಆಗಿ ಎರಡು-ಮೂರು ತಿಂಗಳಿಗೆ ಹಿಡಿ ಹಿಡಿ ಉದುರಿದರೆ ಹೆದರಬೇಕಿಲ್ಲ, ಅದು ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ.

ಉಪಯೋಗ ಆಗುತ್ತಿದೆಯಾ ಅಂತ ಕನ್ನಡಿಯಲ್ಲಿ ದಿನಾ ನೋಡಬೇಡಿ. ಮೂರು ತಿಂಗಳಿಗೊಮ್ಮೆ, ಅದೇ ಕಿಟಕಿಯ ಹತ್ತಿರ, ಬೆಳಿಗ್ಗೆ, ನಡುಬೈತಲೆ ತೆಗೆದು ಮಗಳ ಹತ್ತಿರವೋ ಸೊಸೆಯ ಹತ್ತಿರವೋ ಮೇಲಿನಿಂದ ಫೋಟೊ ತೆಗೆಸಿಕೊಳ್ಳಿ. ಕೂದಲಿಗೆ ಎಣ್ಣೆ ಇರಬಾರದು, ಪೂರ್ತಿ ಒಣಗಿರಬೇಕು. ಒದ್ದೆಯಲ್ಲೋ ಎಣ್ಣೆಯಲ್ಲೋ ತೆಗೆದರೆ ಎಳೆಗಳು ಅಂಟಿಕೊಂಡು ಬೈತಲೆ ಯಾವಾಗಲೂ ಅಗಲವಾಗಿಯೇ ಕಾಣುತ್ತದೆ.