ರಿಟರ್ನ್ಸ್ ಏರಿದ್ದನ್ನು ವರದಿಯ ಮೇಲ್‌ನಲ್ಲಿ ಹೇಳುವುದು ಹೇಗೆ?

"ಪ್ರತಿ ತಿಂಗಳು ಆಪರೇಷನ್ಸ್ ರಿಪೋರ್ಟ್ ಜೊತೆ ಮೇಲ್ ಕಳಿಸ್ತೀನಿ. ರಿಟರ್ನ್ಸ್ ಏರ್ತಿದೆ ಅಂತ ಬರೆದರೂ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಹೇಗೆ ಬರೀಲಿ?"

ಬಹುಶಃ ಸಬ್ಜೆಕ್ಟ್‌ನಲ್ಲಿ 'ಮಾಸಿಕ ವರದಿ' ಅಂತಷ್ಟೇ ಇದ್ದು, ರಿಟರ್ನ್ಸ್ ಮಾತು ಮೂರನೇ ಪ್ಯಾರಾದಲ್ಲಿ ಹೂತುಹೋಗಿರುತ್ತೆ.

ಬರೆಯೋ ಮುಂಚೆ ಲೆಕ್ಕ ನೋಡಿ. ಈ ತಿಂಗಳು ವಾಪಸ್ ಬಂದದ್ದನ್ನು ಈ ತಿಂಗಳ ರವಾನೆಗೆ ಭಾಗಿಸಬೇಡಿ. ಅದರಲ್ಲಿ ಎಷ್ಟೋ ಹೋದ ತಿಂಗಳು ಕಳಿಸಿದ ಮಾಲು. ಮಾರಾಟ ಇಳಿದ ತಿಂಗಳಲ್ಲಿ ಶೇಕಡಾ ಸುಮ್ಮನೆ ಏರಿದಂತೆ ಕಾಣುತ್ತೆ (ನಾನೂ ಒಮ್ಮೆ ಹೀಗೆ ಮುಖಭಂಗ ಮಾಡಿಕೊಂಡಿದ್ದೇನೆ). ಕಳಿಸಿದ ತಿಂಗಳ ಪ್ರಕಾರ ವಿಂಗಡಿಸಿ, ವಾಪಸಾತಿ ಗಡುವು ಮುಗಿದ ತಿಂಗಳುಗಳನ್ನಷ್ಟೇ ಹೋಲಿಸಿ. ಆಮೇಲೆ ಹೆಚ್ಚಾದ ಭಾಗವನ್ನು ವಸ್ತು ಮತ್ತು ಕಾರಣದ ಪ್ರಕಾರ ಒಡೆಯಿರಿ.

ಆಗ ಮೇಲ್ ಹೀಗಾಗುತ್ತೆ:

ಸಬ್ಜೆಕ್ಟ್: ರಿಟರ್ನ್ಸ್ 4%ರಿಂದ 7%ಕ್ಕೆ, ಶುಕ್ರವಾರದೊಳಗೆ ಒಪ್ಪಿಗೆ ಬೇಕು (ವರದಿ ಲಗತ್ತಿಸಿದೆ)

"ಏಪ್ರಿಲ್‌ನಲ್ಲಿ ಕಳಿಸಿದ 6,000ರಲ್ಲಿ 240 ವಾಪಸ್ ಬಂದಿದ್ದವು, ಮೇನಲ್ಲೂ ಅಷ್ಟೇ ಕಳಿಸಿದ್ದು, 420 ಬಂದಿವೆ. ಹೆಚ್ಚಾದ 180ರಲ್ಲಿ 130 ಒಡೆದ ಗಾಜಿನ ಜಾರ್‌ಗಳು. ಮೇ ಮೊದಲ ವಾರ ಪೆಟ್ಟಿಗೆ ಬದಲಾಗಿದೆ. ಕಾರಣ ಅದೇ ಎಂಬುದು ಖಚಿತವಿಲ್ಲ. ಎರಡು ವಾರ ಜಾರ್‌ಗೆ ಹಳೆ ಪೆಟ್ಟಿಗೆ ಬಳಸಿ ನೋಡಲು ಒಪ್ಪಿಗೆ ಕೊಡಿ."

ಯಾರು ಒಪ್ಪಿಗೆ ಕೊಡಬೇಕೋ ಅವರೊಬ್ಬರನ್ನೇ 'ಟು'ನಲ್ಲಿ ಹಾಕಿ, ಉಳಿದವರು 'ಸಿಸಿ'ಯಲ್ಲಿರಲಿ. ಪ್ಯಾಕಿಂಗ್‌ನವರಿಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳಿಬಿಡಿ.